ಹಚ್ಚಿದರೆ ಹೋಗಿ, ಬಿಟ್ಟರೆ ಬರುವ ಹುಳುಕಡ್ಡಿ

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ, ಶಿವಮೊಗ್ಗದ ಕಡೆಯವನು. ಒಂದು ವರ್ಷದಿಂದ ತೊಡೆಸಂದಿಯಲ್ಲಿ ಹುಳುಕಡ್ಡಿ ಇದೆ. ಮೆಡಿಕಲ್‌ನವರು ಕೊಟ್ಟ ಕ್ರೀಮು ಹಚ್ಚಿದರೆ ಎರಡೇ ದಿನಕ್ಕೆ ನವೆ ನಿಲ್ಲುತ್ತೆ, ಬಿಟ್ಟರೆ ವಾರದಲ್ಲಿ ಡಬಲ್ ಆಗಿ ಬರುತ್ತೆ. ವಾರಕ್ಕೊಂದರಂತೆ ನಾಲ್ಕು ಮಾತ್ರೆ ನುಂಗಿದೆ, ಹೋಗಲಿಲ್ಲ. ಈಗ ತೊಡೆಯಲ್ಲಿ ಕೆಂಪು ಗೆರೆಗಳು ಬಿದ್ದಿವೆ. ಹೆಂಡತಿ ಐದು ತಿಂಗಳ ಗರ್ಭಿಣಿ, ಅವಳಿಗೂ ಸೊಂಟದಲ್ಲಿ ಬಂದಿದೆ. ಆರು ವರ್ಷದ ಮಗನ ತಲೆಯಲ್ಲಿ ಎಂಟಾಣೆ ಅಗಲ ಕೂದಲು ಉದುರಿದೆ. ಕ್ರೀಮಿನಲ್ಲೇ ಹೋಗುತ್ತಾ, ಮಾತ್ರೆ ಬೇಕೇ ಬೇಕಾ? ಮಾತ್ರೆ ಲಿವರಿಗೆ ಕೆಟ್ಟದ್ದಂತೆ. ಗ್ಯಾಸ್ಟ್ರಿಕ್‌ಗೂ ದಿನಾ ಒಂದು ಮಾತ್ರೆ ತಗೋತೀನಿ. ಆ ಗೆರೆಗಳು ಹೋಗುತ್ತಾವಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಆ ಟ್ಯೂಬನ್ನು ಬೆಳಕಿಗೆ ಹಿಡಿದು, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್, ಫ್ಲುಒಸಿನೊಲೋನ್ ಇವುಗಳಲ್ಲಿ ಯಾವುದಾದರೂ ಒಂದು ಹೆಸರು ಕಂಡರೆ ಅದು ಸ್ಟೀರಾಯ್ಡ್. ಎರಡು ದಿನದಲ್ಲಿ ನವೆ ನಿಲ್ಲಿಸಿ, ಬಿಟ್ಟ ವಾರಕ್ಕೆ ಡಬಲ್ ಮಾಡುವ ಕ್ರೀಮು ಎಂದಾಗಲೇ ನನಗೆ ಅದರ ಅನುಮಾನ ಬಂತು. ತೊಡೆಯ ಕೆಂಪು ಗೆರೆ ಅದನ್ನು ಬಹುತೇಕ ಖಾತ್ರಿ ಮಾಡಿತು. ಇಂಥ ಟ್ಯೂಬಿನಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಔಷಧ ಒಟ್ಟಿಗೆ ಇರುತ್ತವೆ. ಫಂಗಸ್‌ಗೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದೋ ಎರಡೋ, ಜೊತೆಗೆ ಒಂದು ಜೋರಾದ ಸ್ಟೀರಾಯ್ಡ್. ನಿಮಗೆ ಸಿಕ್ಕ ಆರಾಮ ಆ ಕೊನೆಯದರದ್ದು.

ಹುಳುಕಡ್ಡಿ ಎಂಬ ಹೆಸರಿನಲ್ಲಿ ಹುಳ ಇದೆ, ರೋಗದಲ್ಲಿ ಹುಳ ಇಲ್ಲ. ಹಳೇ ರೊಟ್ಟಿಯ ಮೇಲೆ ಬೂಷ್ಟು ಬರುತ್ತದಲ್ಲ, ಅದೇ ಜಾತಿಯದು. ಇದು ತಿನ್ನುವುದು ಕೆರಾಟಿನ್ ಎಂಬ ವಸ್ತುವನ್ನು. ಚರ್ಮದ ಮೇಲ್ಪದರ, ಕೂದಲು, ಉಗುರು ಮೂರರಲ್ಲೂ ಕೆರಾಟಿನ್ ಇದೆ. ಹಾಗಾಗಿ ಈ ಮೂರೂ ಕಡೆ ಫಂಗಸ್ ಕೂರಬಹುದು. ನಿಮ್ಮ ಮನೆಯಲ್ಲಿ ಮೂವರಿಗೆ ಮೂರು ಬಗೆಯ ಚಿಕಿತ್ಸೆ ಬೇಕಾಗುವುದು ಇದೇ ಕಾರಣಕ್ಕೆ. ಮೇಲಿನ ಸತ್ತ ಪದರದಲ್ಲಿ ಕೂತಿದ್ದರೆ ಕ್ರೀಮು ಸಾಕು, ಅದು ಅಲ್ಲಿಯವರೆಗೆ ಇಳಿಯುತ್ತದೆ. ಕೂದಲಿನ ಬೇರಿಗೋ ಉಗುರಿನ ಅಡಿಗೋ ಇಳಿದಿದ್ದರೆ ಎಷ್ಟು ಕ್ರೀಮು ತಿಕ್ಕಿದರೂ ಮುಟ್ಟುವುದಿಲ್ಲ. ಆಗ ಔಷಧ ರಕ್ತದ ದಾರಿಯಿಂದ, ಒಳಗಿನಿಂದ ಬರಬೇಕು. ಕ್ರೀಮೋ ಮಾತ್ರೆಯೋ ಎಂದು ಕೇಳುವ ಮೊದಲು, ಫಂಗಸ್ ಎಷ್ಟು ಆಳದಲ್ಲಿದೆ ಎಂದು ನೋಡಬೇಕು.

ಸ್ಟೀರಾಯ್ಡ್ ಮಾಡುವ ಕೇಡು ಇಲ್ಲೇ ಇದೆ. ಫಂಗಸ್ ಚರ್ಮಕ್ಕೆ ಬಂದಾಗ ದೇಹ ಸುಮ್ನೆ ಕೂರುವುದಿಲ್ಲ. ಆ ಜಾಗಕ್ಕೆ ರಕ್ತ ಹರಿಸುತ್ತದೆ, ಜೀವಕೋಶಗಳನ್ನು ಕಳಿಸುತ್ತದೆ. ನಿಮಗೆ ಕಾಣುವ ಕೆಂಪು, ಆಗುವ ನವೆ ಎಲ್ಲ ಆ ಜಗಳದ ಗುರುತು. ಮನೆಗೆ ಕಳ್ಳ ನುಗ್ಗಿದಾಗ ನಾಯಿ ಬೊಗಳುತ್ತದೆ ಅಂತಿಟ್ಟುಕೊಳ್ಳಿ. ಸ್ಟೀರಾಯ್ಡ್ ಕಳ್ಳನನ್ನು ಹಿಡಿಯುವುದಿಲ್ಲ, ನಾಯಿಯ ಬಾಯಿ ಕಟ್ಟುತ್ತದೆ. ಗಲಾಟೆ ನಿಂತಿತು ಅಂತ ನೀವು ಮಲಗುತ್ತೀರಿ. ಫಂಗಸ್ ಆರಾಮಾಗಿ ಹರಡುತ್ತದೆ, ಚರ್ಮದ ಸಣ್ಣ ಸಣ್ಣ ರೋಮಗಳ ಬುಡಕ್ಕೂ ಇಳಿಯುತ್ತದೆ. ಮೊದಲು ಕ್ರೀಮಿನಲ್ಲೇ ಹೋಗಬಹುದಾಗಿದ್ದ ರೋಗ ಹೀಗೆ ಮಾತ್ರೆ ಬೇಕಾಗುವ ರೋಗವಾಗುತ್ತದೆ. ಅದೇ ಟ್ಯೂಬಿನಲ್ಲಿ ಫಂಗಸ್ ಔಷಧವೂ ಇದೆಯಲ್ಲ ಎನ್ನಬಹುದು. ಇದೆ. ಆದರೆ ನವೆ ನಿಂತ ಕೂಡಲೇ ನೀವು ಹಚ್ಚುವುದು ಬಿಡುತ್ತೀರಿ. ಫಂಗಸ್ ಸಾಯಲು ವಾರಗಳು ಬೇಕು, ನವೆ ನಿಲ್ಲಲು ಎರಡು ದಿನ ಸಾಕು.

ಇದರ ಗುರುತು ಕಣ್ಣಿಗೇ ಕಾಣುತ್ತದೆ. ಮುಟ್ಟದೆ ಬಿಟ್ಟ ಹುಳುಕಡ್ಡಿ ಒಂದು ಬಳೆಯ ಹಾಗಿರುತ್ತದೆ. ಅಂಚು ಸ್ವಲ್ಪ ಉಬ್ಬಿ, ಕೆಂಪಗೆ, ಹೊಟ್ಟು ಏಳುತ್ತಿರುತ್ತದೆ. ನಡುವಿನ ಚರ್ಮ ವಾಸಿಯಾದಂತೆ ಕಾಣುತ್ತದೆ, ಯಾಕೆಂದರೆ ದೇಹ ಅಲ್ಲಿಂದ ಫಂಗಸನ್ನು ಓಡಿಸಿ ಆಗಿದೆ. ಸ್ಟೀರಾಯ್ಡ್ ಹಚ್ಚಿದ ಮೇಲೆ ನಡುವಿನ ಜಾಗಕ್ಕೂ ಕಾವಲಿಲ್ಲ. ಫಂಗಸ್ ಅಲ್ಲಿ ಮತ್ತೆ ಬೆಳೆಯುತ್ತದೆ, ಬಳೆಯೊಳಗೆ ಇನ್ನೊಂದು ಬಳೆ ಮೂಡುತ್ತದೆ. ಇಂಥ ಜೋಡಿ ಬಳೆ ಕಂಡರೆ ನಾನು ಮೊದಲು ಕೇಳುವುದೇ "ಯಾವ ಟ್ಯೂಬು ಹಚ್ಚಿದಿರಿ?" ಅಂತ. ಕೆಲವರಲ್ಲಿ ಬಳೆಯ ಆಕಾರವೇ ಅಳಿಸಿಹೋಗಿ, ಇಸುಬಿನ ಹಾಗೆ ಕೆಂಪು ಹರಡಿರುತ್ತದೆ. ಅದನ್ನು ಇಸುಬು ಅಂದುಕೊಂಡು ಇನ್ನಷ್ಟು ಸ್ಟೀರಾಯ್ಡ್ ಹಚ್ಚುತ್ತಾರೆ. ನೋಡಿ, ಕೇಡು ಹೇಗೆ ಬೆಳೆಯುತ್ತದೆ.

ಸ್ಟೀರಾಯ್ಡ್ ಕೆಟ್ಟ ಔಷಧ ಅಂತ ನಾನು ಹೇಳುತ್ತಿಲ್ಲ. ಇಸುಬಿಗೆ, ಸೋರಿಯಾಸಿಸ್‌ಗೆ ನಾನೇ ದಿನವೂ ಬರೆಯುತ್ತೇನೆ. ಎಷ್ಟು ಜೋರಿನದು, ಯಾವ ಜಾಗಕ್ಕೆ, ಎಷ್ಟು ದಿನ ಎಂದು ಲೆಕ್ಕ ಹಾಕಿ ಬರೆಯುತ್ತೇನೆ. ಕ್ಲೋಬೆಟಾಸಾಲ್ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತಿ ಜೋರಿನದು. ದಪ್ಪ ಚರ್ಮದ ಅಂಗೈಗೋ ಅಂಗಾಲಿಗೋ ಆದರೂ ಎರಡು ವಾರದ ಮೇಲೆ ಸುಮ್ಮನೆ ಮುಂದುವರಿಸುವುದಲ್ಲ. ತೊಡೆಸಂದಿಯ ಚರ್ಮ ತೆಳು, ಸದಾ ಮುಚ್ಚಿಕೊಂಡು ಬೆವರಿರುತ್ತದೆ. ಅಲ್ಲಿ ಔಷಧ ಅಂಗೈಗಿಂತ ಎಷ್ಟೋ ಪಟ್ಟು ಜಾಸ್ತಿ ಒಳಗೆ ಹೀರಿಕೊಳ್ಳುತ್ತದೆ. ಅಲ್ಲಿಗೆ ವರ್ಷಗಟ್ಟಲೆ ಇದನ್ನು ಹಚ್ಚುವುದು ಎಂದರೆ ಚರ್ಮವನ್ನು ಒಳಗಿನಿಂದ ಸವೆಸುವುದು.

ಈಗ ನಿಮ್ಮ ವಿಷಯ. ನಿಮ್ಮ ಹಾಗೆಯೇ ಇದ್ದ ಒಬ್ಬರ ಚಿಕಿತ್ಸೆ ಹೇಗೆ ನಡೆಯಿತು ಎಂದು ಹೇಳಿದರೆ ನಿಮಗೂ ದಾರಿ ಗೊತ್ತಾಗುತ್ತದೆ. ಅವರು ಬೇಕರಿಯಲ್ಲಿ ಕೆಲಸ ಮಾಡುವವರು. ದಿನಕ್ಕೆ ಹತ್ತು ಗಂಟೆ ಓವನ್ ಮುಂದೆ, ಜೀನ್ಸ್ ಪ್ಯಾಂಟಿನಲ್ಲಿ. ಎರಡೂ ತೊಡೆಸಂದು, ಹಿಂಭಾಗ, ಸೊಂಟದ ಸುತ್ತ ಹರಡಿತ್ತು. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಖಾಲಿ ಟ್ಯೂಬುಗಳನ್ನು ತಂದು ಮೇಜಿನ ಮೇಲೆ ಸುರಿದರು. ಹದಿನಾಲ್ಕು ಇದ್ದವು. ಮೂರು ಬೇರೆ ಬೇರೆ ಹೆಸರು, ಒಳಗಿನ ಸ್ಟೀರಾಯ್ಡ್ ಮಾತ್ರ ಎಲ್ಲದರಲ್ಲೂ ಒಂದೇ.

ಮೊದಲು ಪರೀಕ್ಷೆ ಮಾಡಿದೆವು. ಬಳೆಯ ಅಂಚಿನಿಂದ, ನೆನಪಿಡಿ, ನಡುವಿನಿಂದಲ್ಲ, ಬ್ಲೇಡಿನ ಮೊಂಡು ಬದಿಯಿಂದ ಹೊಟ್ಟನ್ನು ಗಾಜಿನ ಮೇಲೆ ಕೆರೆದುಕೊಂಡೆವು. ಅದರ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ. ಹತ್ತಿಪ್ಪತ್ತು ನಿಮಿಷದಲ್ಲಿ ಚರ್ಮದ ಹೊಟ್ಟು ಕರಗುತ್ತದೆ, ಫಂಗಸ್ ಕರಗುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ಕವಲೊಡೆದ ದಾರದ ಎಳೆಗಳ ಹಾಗೆ ಕಂಡಿತು. ಇದು ಕಮ್ಮಿ ಖರ್ಚಿನ, ನೋವಿಲ್ಲದ ಪರೀಕ್ಷೆ. ನೀವೂ ಮಾಡಿಸಿ. ಉಂಗುರದ ಹಾಗೆ ಕಂಡದ್ದೆಲ್ಲ ಹುಳುಕಡ್ಡಿಯಲ್ಲ. ಅದರಲ್ಲೂ ನವೆಯಿಲ್ಲ, ಹೊಟ್ಟಿಲ್ಲ, ಮುಟ್ಟಿದರೆ ಗೊತ್ತಾಗುವುದಿಲ್ಲ ಎನ್ನುವಂಥ ಮಚ್ಚೆಯಾದರೆ ಅದು ಕುಷ್ಠದ್ದಾಗಿರಬಹುದು, ತಡ ಮಾಡದೆ ತೋರಿಸಬೇಕು.

ಅವರಿಗೆ ಆ ಕ್ರೀಮನ್ನು ಅಂದೇ ನಿಲ್ಲಿಸಿದೆ. ಮುಂದೇನಾಗುತ್ತದೆ ಎಂದೂ ಅಂದೇ ಹೇಳಿದೆ, ಯಾಕೆಂದರೆ ಎಷ್ಟೋ ಜನ ಸೋಲುವುದು ಇಲ್ಲಿಯೇ. ಸ್ಟೀರಾಯ್ಡ್ ಬಿಟ್ಟ ಮೂರು ನಾಲ್ಕು ದಿನಕ್ಕೆ ನಾಯಿಯ ಬಾಯಿ ಬಿಚ್ಚಿದ ಹಾಗಾಗುತ್ತದೆ. ಕೆಂಪು ಜಾಸ್ತಿಯಾಗುತ್ತದೆ, ಉರಿ ಬರುತ್ತದೆ, ರಾತ್ರಿ ನಿದ್ದೆಯಿರುವುದಿಲ್ಲ. ಹೊಸ ಔಷಧ ಒಗ್ಗಲಿಲ್ಲ ಅಂತ ಅನಿಸುತ್ತದೆ, ಕೈ ಮತ್ತೆ ಹಳೇ ಟ್ಯೂಬಿಗೆ ಹೋಗುತ್ತದೆ. ಅವರೂ ಆರನೇ ದಿನ ಫೋನ್ ಮಾಡಿ "ಸಾರ್, ಒಂದೇ ಒಂದು ಸಲ ಹಚ್ಚಿಕೊಳ್ಳಲಾ?" ಅಂತ ಕೇಳಿದರು. ಬೇಡ ಎಂದೆ. ರಾತ್ರಿಗೆ ನವೆಯ ಮಾತ್ರೆ ಮೊದಲೇ ಕೊಟ್ಟಿದ್ದೆ, ತಣ್ಣೀರು ಬಟ್ಟೆ ಒತ್ತಿಕೊಳ್ಳಲು ಹೇಳಿದೆ. ಎರಡನೇ ವಾರದಲ್ಲಿ ಅದು ಇಳಿಯಿತು. ವರ್ಷಗಟ್ಟಲೆ ಮೈಯ ದೊಡ್ಡ ಭಾಗಕ್ಕೆ ಹಚ್ಚಿದವರಲ್ಲಿ, ಅಥವಾ ಮಕ್ಕಳಿಗೆ ಹಚ್ಚಿದ್ದರೆ, ಬಿಟ್ಟ ಮೇಲೆ ವಿಪರೀತ ಸುಸ್ತು, ವಾಂತಿ, ತಲೆಸುತ್ತು ಬರಬಹುದು. ಹೊರಗಿನ ಸ್ಟೀರಾಯ್ಡ್ ಸಿಗುತ್ತಿದ್ದಾಗ ದೇಹ ತನ್ನದನ್ನು ತಯಾರಿಸುವುದು ಕಡಿಮೆ ಮಾಡಿರುತ್ತದೆ. ಹಾಗಾದರೆ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಮಾತ್ರೆಗೆ ಇಟ್ರಾಕೊನಜೋಲ್ ಬರೆದೆ. 100 ಮಿಲಿಗ್ರಾಂ, ದಿನಕ್ಕೆ ಎರಡು. ಟರ್ಬಿನಾಫಿನ್ ಯಾಕಲ್ಲ ಎಂದು ಕೇಳಬಹುದು. ಕೆಲವು ವರ್ಷಗಳ ಹಿಂದೆ ಅದೇ ನಮ್ಮ ಮೊದಲ ಆಯ್ಕೆ. ಆದರೆ ನಮ್ಮ ದೇಶದಲ್ಲಿ ಈಗ ಜಾಸ್ತಿ ಹರಡಿರುವ ಫಂಗಸ್ ಬೇರೆ. ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂದು 2020ರಲ್ಲಿ ಹೆಸರಿಟ್ಟರು, ಹೆಸರಿನಲ್ಲೇ ಇಂಡಿಯಾ ಇದೆ. ಟರ್ಬಿನಾಫಿನ್ ಫಂಗಸ್‌ನ ಒಂದು ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತದೆ. ಈ ಫಂಗಸ್‌ನಲ್ಲಿ ಎಷ್ಟೋ ಸಲ ಆ ಕಿಣ್ವದ ಆಕಾರ ಸ್ವಲ್ಪ ಬದಲಾಗಿದೆ, ಔಷಧ ಅಂಟುವುದೇ ಇಲ್ಲ. ಅಮೆರಿಕದಲ್ಲೂ ಇದೇ ಫಂಗಸ್ ಕಂಡಿದೆ ಎಂದು 2023ರಲ್ಲಿ ವರದಿಯಾಯಿತು. ಹೊರದೇಶದಲ್ಲಿರುವ ನಮ್ಮವರು ಯಾರಾದರೂ ಓದುತ್ತಿದ್ದರೆ, ಹಟ ಹಿಡಿದ ಹುಳುಕಡ್ಡಿಗೆ ಅಲ್ಲಿನ ಡಾಕ್ಟರ ಹತ್ತಿರ ಈ ಹೆಸರು ಹೇಳಿ, ಊರಿಗೆ ಹೋಗಿ ಬಂದದ್ದನ್ನೂ ಹೇಳಿ. ನೀವು ವಾರಕ್ಕೊಂದರಂತೆ ನುಂಗಿದ್ದು ಬಹುಶಃ ಫ್ಲುಕೊನಜೋಲ್. ಇಷ್ಟು ಹರಡಿದ ಹುಳುಕಡ್ಡಿಗೆ ನಾಲ್ಕು ಮಾತ್ರೆ ಯಾವ ಲೆಕ್ಕಕ್ಕೂ ಸಾಲದು.

ಇಟ್ರಾಕೊನಜೋಲ್ ಕ್ಯಾಪ್ಸೂಲಿನ ಸ್ವಭಾವ ತಿಳಿದಿರಬೇಕು. ಹೊಟ್ಟೆಯಲ್ಲಿ ಆಮ್ಲ ಇದ್ದರೆ, ಊಟ ಇದ್ದರೆ ಮಾತ್ರ ಅದು ಸರಿಯಾಗಿ ಕರಗಿ ರಕ್ತಕ್ಕೆ ಸೇರುತ್ತದೆ. ಖಾಲಿ ಹೊಟ್ಟೆಗೆ ಬೇಡ, ಊಟ ಮುಗಿದ ಕೂಡಲೇ ನುಂಗಬೇಕು. ನಿಮ್ಮ ಗ್ಯಾಸ್ಟ್ರಿಕ್ ಮಾತ್ರೆಯ ಕೆಲಸವೇ ಆಮ್ಲ ಕಡಿಮೆ ಮಾಡುವುದು. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ದುಬಾರಿ ಮಾತ್ರೆ ಅರ್ಧಕ್ಕರ್ಧ ವ್ಯರ್ಥ. ಎಷ್ಟೋ ಚೀಟಿಗಳಲ್ಲಿ ಯಾವ ಮಾತ್ರೆ ಬರೆದರೂ ಜೊತೆಗೆ ಒಂದು ಗ್ಯಾಸ್ ಮಾತ್ರೆ ಬಂದುಬಿಡುತ್ತದೆ. ಇಲ್ಲಿ ಅದು ಚಿಕಿತ್ಸೆಯನ್ನೇ ಕೆಡಿಸುತ್ತದೆ. ನಿಮಗೆ ಅದು ನಿಜವಾಗಿ ಬೇಕಾ, ಕೆಲವು ವಾರ ಬಿಡಬಹುದಾ ಎಂದು ಕೊಟ್ಟವರನ್ನೇ ಕೇಳಿ. ಬಿಡಲಾಗದಿದ್ದರೆ ಚರ್ಮದ ಡಾಕ್ಟರಿಗೆ ಹೇಳಿ, ಅವರು ಬೇರೆ ದಾರಿ ನೋಡುತ್ತಾರೆ.

ಲಿವರ್ ಭಯದ ಬಗ್ಗೆ ನೇರವಾಗಿ ಹೇಳುತ್ತೇನೆ. ಈ ಮಾತ್ರೆಗಳಿಂದ ಲಿವರಿಗೆ ತೊಂದರೆ ಆಗುವುದುಂಟು, ಆದರೆ ಅಪರೂಪ. ಅದಕ್ಕೇ ಶುರು ಮಾಡುವ ಮೊದಲು ಒಂದು ಲಿವರ್ ಟೆಸ್ಟ್, ತಿಂಗಳಾದ ಮೇಲೂ ಮುಂದುವರಿಸುವುದಾದರೆ ಇನ್ನೊಂದು. ನಡುವೆ ಹಸಿವು ಸತ್ತರೆ, ಓಕರಿಕೆ ಬಂದರೆ, ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ತೋರಿಸಬೇಕು. ಕುಡಿತದ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ಇಟ್ರಾಕೊನಜೋಲ್ ವಿಷಯದಲ್ಲಿ ನಾನು ಲಿವರಿನಷ್ಟೇ ಹೃದಯದ ಬಗ್ಗೆಯೂ ಕೇಳುತ್ತೇನೆ. ಹೃದಯದ ಪಂಪಿಂಗ್ ಕಡಿಮೆ ಇರುವವರಿಗೆ ಇದು ಬೇಡ. ಕಾಲು ಊದಿಕೊಂಡರೆ, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ನಿಲ್ಲಿಸಬೇಕು. ಕೊಲೆಸ್ಟ್ರಾಲ್ ಮಾತ್ರೆ, ಹೃದಯದ ಮಿಡಿತದ ಮಾತ್ರೆಗಳಲ್ಲಿ ಕೆಲವು ಇದರ ಜೊತೆ ಸೇರಿದರೆ ಅಪಾಯ. ಹಾಗಾಗಿ ನೀವು ನುಂಗುವ ಎಲ್ಲ ಮಾತ್ರೆಯ ಶೀಟುಗಳನ್ನು ಡಾಕ್ಟರ ಹತ್ತಿರ ಒಯ್ಯಿರಿ. ಇಷ್ಟು ನೋಡಿಕೊಂಡು ಕೊಟ್ಟ ಮಾತ್ರೆ, ಒಂದು ವರ್ಷ ಕಣ್ಣು ಮುಚ್ಚಿ ಹಚ್ಚಿದ ಆ ಕ್ರೀಮಿಗಿಂತ ಎಷ್ಟೋ ಸುರಕ್ಷಿತ.

ಮಾತ್ರೆಯ ಜೊತೆ ಕ್ರೀಮೂ ಬೇಕು. ಬರೀ ಫಂಗಸ್‌ನದು, ಲುಲಿಕೊನಜೋಲ್, ಸರ್ಟಾಕೊನಜೋಲ್ ಅಂಥದ್ದು. ಇಲ್ಲಿ ಬಹಳ ಜನ ಪ್ರಮಾಣದಲ್ಲಿ ಎಡವುತ್ತಾರೆ. ನಿಮ್ಮ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬು ಹಿಂಡಿದರೆ ಅದು ಸುಮಾರು ಅರ್ಧ ಗ್ರಾಂ. ಅಷ್ಟು ಕ್ರೀಮು ಎರಡು ಅಂಗೈ ಅಗಲದ ಚರ್ಮಕ್ಕೆ ಸಾಕು. ಬೇಕರಿಯವರಿಗೆ ಹತ್ತು ಅಂಗೈಯಷ್ಟು ಜಾಗದಲ್ಲಿ ಹರಡಿತ್ತು. ಅಂದರೆ ಒಂದು ಸಲಕ್ಕೆ ಎರಡೂವರೆ ಗ್ರಾಂ. ದಿನಕ್ಕೊಮ್ಮೆ ಹಚ್ಚಿದರೂ 30 ಗ್ರಾಂ ಟ್ಯೂಬು ಹನ್ನೆರಡು ದಿನಕ್ಕೆ ಮುಗಿಯಬೇಕು. ಅವರು 10 ಗ್ರಾಂ ಟ್ಯೂಬನ್ನು ತಿಂಗಳು ತಳ್ಳುತ್ತಿದ್ದರು. ಬಳೆಯ ಮೇಲಷ್ಟೇ ಹಚ್ಚಿದರೂ ಸಾಲದು. ಅಂಚಿನಿಂದ ಆಚೆಗೆ ಹೆಬ್ಬೆರಳಿನಗಲ, ಸುಮಾರು 2 ಸೆಂಟಿಮೀಟರ್, ಚೆನ್ನಾಗಿರುವಂತೆ ಕಾಣುವ ಚರ್ಮಕ್ಕೂ ಹಚ್ಚಬೇಕು. ಫಂಗಸ್ ಅಲ್ಲಿಗೆ ಆಗಲೇ ಕಾಲಿಟ್ಟಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಹೊರಗಿನಿಂದ ಒಳಗೆ ಹಚ್ಚುತ್ತಾ ಬನ್ನಿ.

ನಾಲ್ಕನೇ ವಾರಕ್ಕೆ ಅವರು ನಗುತ್ತಾ ಬಂದರು. ನವೆ ಪೂರ್ತಿ ಹೋಗಿತ್ತು, ಎರಡು ಅಡಿ ದೂರದಿಂದ ನೋಡಿದರೆ ಬರೀ ಕಪ್ಪು ಕಲೆ. ಮಾತ್ರೆ ನಿಲ್ಲಿಸಬಹುದಾ ಎಂದು ಕೇಳಿದರು. ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿದೆ. ಸೊಂಟದ ಒಂದು ಕಡೆ ಕೂದಲೆಳೆಯಷ್ಟು ಉಬ್ಬಿದ ಅಂಚು, ಅದರ ಮೇಲೆ ಸಣ್ಣ ಹೊಟ್ಟು. ಕೆರೆದು ನೋಡಿದರೆ ಎಳೆಗಳು ಇನ್ನೂ ಇದ್ದವು. ಅದು ಸರಿಯಾಗಿ ಅವರ ಉಡುದಾರ ಕೂರುವ ಜಾಗ. ಕಪ್ಪು ದಾರ, ವರ್ಷಗಳಿಂದ ಬಿಚ್ಚಿಲ್ಲ, ಬೆವರು ಹೀರಿ ಸದಾ ಒದ್ದೆ. ನಂಬಿಕೆಯ ವಿಷಯ, ತೆಗೆಯಿರಿ ಎಂದು ಹೇಳಲು ನನಗೂ ಸ್ವಲ್ಪ ಸಂಕೋಚವಾಗುತ್ತದೆ. ಆದರೂ ಹೇಳಿದೆ. ಅವರು ತಾಯಿಯನ್ನು ಕೇಳಿ ತೆಗೆದರು, ವಾಸಿಯಾದ ಮೇಲೆ ಹೊಸದು ಕಟ್ಟಿಕೊಳ್ಳುತ್ತೇನೆ ಎಂದರು. ಒಂಬತ್ತನೇ ವಾರಕ್ಕೆ ಅಂಚು ಮಟ್ಟವಾಯಿತು, ಪರೀಕ್ಷೆಯಲ್ಲೂ ಏನೂ ಕಾಣಲಿಲ್ಲ. ಆಗ ಮಾತ್ರೆ ನಿಲ್ಲಿಸಿದೆವು. ಕ್ರೀಮನ್ನು ಇನ್ನೂ ಎರಡು ವಾರ ಹಚ್ಚಿಸಿದೆ. ಇಷ್ಟೇ ವಾರ ಎಂದು ಮೊದಲೇ ಹೇಳಲು ಬರುವುದಿಲ್ಲ. ಸ್ಟೀರಾಯ್ಡ್ ಹಚ್ಚಿದವರಿಗೆ ಆರರಿಂದ ಎಂಟು ವಾರ ಸಾಮಾನ್ಯ, ಕೆಲವರಿಗೆ ಇನ್ನೂ ಜಾಸ್ತಿ. ನವೆ ನಿಂತದ್ದು ವಾಸಿಯ ಗುರುತಲ್ಲ. ಕಪ್ಪು ಕಲೆ ಉಳಿದದ್ದು ರೋಗದ ಗುರುತೂ ಅಲ್ಲ, ಅದು ತಿಂಗಳುಗಟ್ಟಲೆ ಇದ್ದು ತಾನಾಗಿ ಮಾಸುತ್ತದೆ. ನೋಡಬೇಕಾದ್ದು ಅಂಚನ್ನು.

ನಿಮ್ಮ ಮನೆಯವರ ವಿಷಯ ಬೇರೆ. ಗರ್ಭಿಣಿಗೆ ಫಂಗಸ್ ಮಾತ್ರೆ ಯಾವುದೂ ಬೇಡ. ಇಟ್ರಾಕೊನಜೋಲ್, ಫ್ಲುಕೊನಜೋಲ್, ಗ್ರಿಸಿಯೋಫಲ್ವಿನ್ ಯಾವುದನ್ನೂ ಮನೆಯಲ್ಲಿದೆ ಅಂತ ಕೊಡಬೇಡಿ. ಅವರಿಗೆ ಕ್ಲೋಟ್ರಿಮಜೋಲ್ ಅಥವಾ ಮೈಕೊನಜೋಲ್ ಕ್ರೀಮು, ಜೊತೆಗೆ ಬೇರೇನೂ ಸೇರಿಲ್ಲದ್ದು, ದಿನಕ್ಕೆ ಎರಡು ಸಲ. ಮಚ್ಚೆ ಪೂರ್ತಿ ಹೋದ ಮೇಲೂ ಎರಡು ವಾರ. ಇವೆರಡೂ ಬಹಳ ವರ್ಷಗಳಿಂದ ಗರ್ಭಿಣಿಯರಿಗೆ ಬಳಕೆಯಲ್ಲಿರುವ ಔಷಧಗಳು. ಹೆರಿಗೆ ಡಾಕ್ಟರಿಗೂ ಒಂದು ಮಾತು ತಿಳಿಸಿ. ಅವರು ನಿಮ್ಮ ಟ್ಯೂಬಿನಿಂದಲೇ ಹಚ್ಚಿಕೊಳ್ಳುತ್ತಿದ್ದರೆ ಇವತ್ತೇ ನಿಲ್ಲಿಸಲಿ. ಜೋರಿನ ಸ್ಟೀರಾಯ್ಡನ್ನು ಗರ್ಭಿಣಿಯರು ಹೆಚ್ಚು ಪ್ರಮಾಣದಲ್ಲಿ ಹಚ್ಚಿದಾಗ ಮಗುವಿನ ತೂಕ ಕಡಿಮೆಯಾಗುವುದು ಕಂಡುಬಂದಿದೆ. ಸೊಂಟದಲ್ಲಿ ಯಾವ ಜಾಗದಲ್ಲಿ ಬಂದಿದೆ ನೋಡಿ. ಸೀರೆ ಉಡುವವರಾದರೆ ಲಂಗದ ಲಾಡಿ ಬಿಗಿದ ಗೆರೆಯ ಗುಂಟ ಬರುವುದು ಬಹಳ. ದಿನವಿಡೀ ಅಲ್ಲಿ ಬೆವರು, ಉಜ್ಜಾಟ. ಕೆಲವು ವಾರ ಸಡಿಲ ನೈಟಿಯೋ, ಸಡಿಲ ಅಂಗಿಯೋ ಹಾಕಲಿ. ಕ್ರೀಮಿನಲ್ಲಿ ಪೂರ್ತಿ ಹೋಗದಿದ್ದರೂ ಗಾಬರಿ ಬೇಡ. ಹರಡದಂತೆ ಹಿಡಿದಿಟ್ಟು, ಉಳಿದದ್ದನ್ನು ಹೆರಿಗೆಯಾದ ಮೇಲೆ ನೋಡಬಹುದು.

ಮಗನಿಗೆ ಮಾತ್ರೆಯೋ ಸಿರಪ್ಪೋ ಬೇಕೇ ಬೇಕು, ಕ್ರೀಮಿನಿಂದ ಆಗುವುದಿಲ್ಲ. ತಲೆಯಲ್ಲಿ ಫಂಗಸ್ ಕೂದಲಿನ ಬುಡದಲ್ಲಿ, ಎಷ್ಟೋ ಸಲ ಕೂದಲಿನ ಒಳಗೇ ಕೂತಿರುತ್ತದೆ. ಆ ಬೋಳು ಜಾಗವನ್ನು ಬಿಸಿಲಿನಲ್ಲಿ ಹತ್ತಿರದಿಂದ ನೋಡಿ. ಚರ್ಮ ನುಣ್ಣಗೆ, ಮೊಟ್ಟೆಯ ಹಾಗಿದ್ದರೆ ಅದು ಬೇರೆಯೇ ರೋಗ ಇರಬಹುದು. ಹೊಟ್ಟು ಇದ್ದು, ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕಿ ಇಟ್ಟ ಹಾಗೆ ಕಂಡರೆ ಫಂಗಸ್. ಡಾಕ್ಟರು ಅಂಥ ಒಂದೆರಡು ಮೋಟು ಕೂದಲು ಕಿತ್ತು ಪರೀಕ್ಷಿಸುತ್ತಾರೆ. ಔಷಧ ಗ್ರಿಸಿಯೋಫಲ್ವಿನ್ ಆದರೆ ಆರರಿಂದ ಎಂಟು ವಾರ. ಹಾಲಿನ ಜೊತೆ ಅಥವಾ ತುಪ್ಪ ಹಾಕಿದ ಅನ್ನದ ನಂತರ ಕೊಡಿ, ಕೊಬ್ಬಿದ್ದರೆ ಅದು ಚೆನ್ನಾಗಿ ಹಿಡಿಯುತ್ತದೆ. ಟರ್ಬಿನಾಫಿನ್ ಕೂಡ ಕೊಡುವುದುಂಟು. ಎರಡಕ್ಕೂ ಲೆಕ್ಕ ಮಗುವಿನ ತೂಕದ ಮೇಲೆ, ಆದ್ದರಿಂದ ನಿಮ್ಮ ಮಾತ್ರೆಯನ್ನು ಮುರಿದು ಕೊಡುವುದು ಬೇಡವೇ ಬೇಡ. ಕೀಟೊಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ, ಐದು ನಿಮಿಷ ನೊರೆ ಬಿಟ್ಟು ತೊಳೆಯಿರಿ. ಅದರಿಂದ ವಾಸಿಯಾಗುವುದಿಲ್ಲ, ಇತರರಿಗೆ ಹರಡುವುದು ಕಡಿಮೆಯಾಗುತ್ತದೆ. ತಲೆ ಬೋಳಿಸುವ ಅಗತ್ಯವಿಲ್ಲ. ಬಾಚಣಿಗೆ, ಟೋಪಿ, ದಿಂಬು ಅವನದ್ದೇ ಬೇರೆ ಇರಲಿ. ಮನೆಯಲ್ಲಿ ಬೆಕ್ಕಿನ ಮರಿ ಇದ್ದು, ಅದಕ್ಕೂ ಅಲ್ಲಲ್ಲಿ ರೋಮ ಉದುರಿದ್ದರೆ ಅದನ್ನೂ ಪಶುವೈದ್ಯರಿಗೆ ತೋರಿಸಿ.

ತಲೆಯ ಆ ಜಾಗ ಒಂದು ದಿನ ಕುರುವಿನ ಹಾಗೆ ಊದಿ, ಮೆತ್ತಗಾಗಿ, ಕೀವು ಒಸರಲು ಶುರುವಾದರೆ ಕುರು ಅಂತ ಕೊಯ್ಯಿಸಲು ಹೋಗಬೇಡಿ. ಅದು ಫಂಗಸ್ ವಿರುದ್ಧ ದೇಹದ ಜೋರು ಸಿಟ್ಟು. ತಡ ಮಾಡಿದರೆ ಅಲ್ಲಿ ಕೂದಲು ಮತ್ತೆ ಹುಟ್ಟದೆ ಹೋಗಬಹುದು. ಅದೇ ದಿನ ಚರ್ಮದ ಡಾಕ್ಟರಿಗೆ ತೋರಿಸಿ.

ಮೂವರ ಚಿಕಿತ್ಸೆಯೂ ಒಂದೇ ವಾರ ಶುರುವಾಗಲಿ. ಇಲ್ಲದಿದ್ದರೆ ನಿಮ್ಮದು ವಾಸಿಯಾಗುವ ಹೊತ್ತಿಗೆ ಮನೆಯವರಿಂದ ಮತ್ತೆ ನಿಮಗೆ ಬರುತ್ತದೆ. ಟವಲು, ಒಳಬಟ್ಟೆ, ಬೆಡ್‌ಶೀಟಿನ ಮೇಲೆ ಬೀಳುವ ಚರ್ಮದ ಹೊಟ್ಟಿನಲ್ಲಿ ಫಂಗಸ್ ಬಹಳ ದಿನ ಬದುಕಿರುತ್ತದೆ. ನಿಮ್ಮ ಊರಿನ ಮಳೆಗಾಲ ನನಗೆ ಗೊತ್ತು, ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಅರೆ ಒದ್ದೆಯಲ್ಲೇ ಹಾಕಿಕೊಳ್ಳುತ್ತೇವೆ. ಹುಳುಕಡ್ಡಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಳಬಟ್ಟೆ, ಟವಲುಗಳನ್ನು ಬೇರೆಯಾಗಿ, ಹಂಡೆಯ ಕೈ ಸುಡುವ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆಯಿರಿ. ವಾಷಿಂಗ್ ಮೆಷಿನ್ ಇದ್ದರೆ 60 ಡಿಗ್ರಿಗೆ ಇಡಿ. ಬಿಸಿಲು ಸಿಕ್ಕರೆ ಒಳಮೈ ಹೊರಗೆ ಮಾಡಿ ಒಣಗಿಸಿ. ಸಿಗದಿದ್ದರೆ ಇಸ್ತ್ರಿ ಹಾಕಿ, ಹೊಲಿಗೆಯ ಜಾಗದಲ್ಲಿ ಒತ್ತಿ ಹಾಕಿ. ಸ್ನಾನದ ಮೇಲೆ ಸಂದಿಯನ್ನು ಒತ್ತಿ ಒರೆಸಿ, ತಿಕ್ಕಬೇಡಿ. ಮನೆಗೆ ಬಂದ ಮೇಲೆ ಜೀನ್ಸ್ ಬಿಟ್ಟು ಪಂಚೆ ಉಟ್ಟರೆ ಅದೂ ಔಷಧವೇ. ಬೆಳ್ಳುಳ್ಳಿ ಅರೆದು ಹಚ್ಚಿ ಚರ್ಮ ಸುಟ್ಟುಕೊಂಡವರನ್ನು ನೋಡಿದ್ದೇನೆ, ನಿಂಬೆಹುಳಿ ತಿಕ್ಕಿ ಗಾಯ ಮಾಡಿಕೊಂಡವರನ್ನೂ. ಮೊದಲೇ ತೆಳುವಾದ ನಿಮ್ಮ ಚರ್ಮಕ್ಕೆ ಅವೆರಡೂ ಬೇಡ.

ಇನ್ನು ಆ ಗೆರೆಗಳು. ಇದನ್ನು ಹೇಳಲು ನನಗೆ ಬೇಸರವಾಗುತ್ತದೆ. ಚರ್ಮದ ಕೆಳಪದರದ ನಾರುಗಳು ಸ್ಟೀರಾಯ್ಡ್‌ನಿಂದ ಸವೆದು ಹರಿದಾಗ ಬೀಳುವ ಗೆರೆಗಳು ಅವು. ಗರ್ಭಿಣಿಯರ ಹೊಟ್ಟೆಯ ಮೇಲೆ ಬೀಳುವಂಥವೇ, ಆದರೆ ಇವು ಇನ್ನೂ ಅಗಲ, ಆಳ. ಪೂರ್ತಿ ಹೋಗುವುದಿಲ್ಲ. ಈಗಿನ ಕೆಂಪು ಮುಂದಿನ ತಿಂಗಳುಗಳಲ್ಲಿ ಇಳಿದು ಬೆಳ್ಳಗಾಗುತ್ತದೆ, ಅಷ್ಟು ಎದ್ದು ಕಾಣುವುದಿಲ್ಲ. ಕೆಂಪಗಿರುವಾಗ ಲೇಸರ್ ಮಾಡಿಸಿದರೆ ಸ್ವಲ್ಪ ಮಂಕಾಗಬಹುದು, ಆದರೆ ಫಂಗಸ್ ಪೂರ್ತಿ ಹೋಗುವವರೆಗೆ ಅದರ ಯೋಚನೆ ಬೇಡ. ಗೆರೆ ಹೋಗಿಸುತ್ತೇವೆ ಎನ್ನುವ ಇನ್ನೊಂದು ಟ್ಯೂಬಿಗೆ ದುಡ್ಡು ಹಾಕಬೇಡಿ. ಕ್ರೀಮು ಇವತ್ತು ನಿಲ್ಲಿಸಿದರೆ ಹೊಸ ಗೆರೆ ಬೀಳುವುದು ನಿಲ್ಲುತ್ತದೆ. ಉಳಿದಿರುವ ಟ್ಯೂಬನ್ನು ಬಿಸಾಡುವ ಮೊದಲು ಹಿಂಬದಿಯ ಫೋಟೋ ತೆಗೆದುಕೊಳ್ಳಿ, ಚರ್ಮದ ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ.